ತಾಯಿಯನ್ನು ಕಳೆದುಕೊಂಡ ಸಹೋದ್ಯೋಗಿಗೆ ಮ್ಯಾನೇಜರ್ ಏನು ಬರೆಯಬೇಕು?

ನನ್ನ ಟೀಮಿನ ಒಬ್ಬರ ತಾಯಿ ನಿನ್ನೆ ತೀರಿಕೊಂಡರು. ಮ್ಯಾನೇಜರ್ ಆಗಿ ಇಮೇಲ್‌ನಲ್ಲಿ ಏನು ಬರೆಯಲಿ?

ಉತ್ತರ:

ಐದಾರು ಸಾಲು ಸಾಕು. ಹೀಗೆ ಬರೆಯಬಹುದು:

"ನಿಮ್ಮ ತಾಯಿಯವರು ತೀರಿಕೊಂಡ ಸುದ್ದಿ ಕೇಳಿ ತುಂಬಾ ದುಃಖವಾಯಿತು. ಈಗ ಮನೆಯವರ ಜೊತೆ ಇರಿ. ಶುಕ್ರವಾರದ ವರದಿಯನ್ನು ನಾನೇ ಮುಗಿಸುತ್ತೇನೆ. ಗ್ರಾಹಕರ ಕರೆಗಳನ್ನು ಟೀಮಿನವರು ನೋಡಿಕೊಳ್ಳುತ್ತಾರೆ. ರಜೆಯ ಬಗ್ಗೆ ಎಚ್‌ಆರ್ ಜೊತೆ ಮಾತಾಡಿದ್ದೇನೆ, ಅರ್ಜಿ ಆಮೇಲೆ ಹಾಕಿದರಾಯಿತು. ಇದಕ್ಕೆ ಉತ್ತರ ಬರೆಯಬೇಕಿಲ್ಲ."

ಇದರಲ್ಲಿ ಮುಖ್ಯವಾದದ್ದು ಕೆಲಸದ ಮಾತು. ಸಂತಾಪ ಎಲ್ಲರೂ ಹೇಳುತ್ತಾರೆ. ಬಾಕಿ ಕೆಲಸದ ಚಿಂತೆಯನ್ನು ಇಳಿಸಲು ಆಗುವುದು ನಿಮಗೆ ಮಾತ್ರ. "ಏನಾದರೂ ಬೇಕಿದ್ದರೆ ಹೇಳಿ" ಅಂತ ಸುಮ್ನೆ ಬರೆದರೆ, ಏನು ಕೇಳಬೇಕು ಅಂತ ಯೋಚಿಸುವ ಹೊರೆ ಮತ್ತೆ ಅವರ ಮೇಲೇ ಬೀಳುತ್ತದೆ. ಅದಕ್ಕೇ ಯಾವ ಕೆಲಸ ಯಾರ ಕೈಗೆ ಹೋಯಿತು ಅಂತ ಬಿಡಿಸಿ ಹೇಳಿ. ಆದರೆ ಕಳಿಸುವ ಮೊದಲು ಆ ಏರ್ಪಾಡು ನಿಜವಾಗಿ ಆಗಿರಬೇಕು. ಇಲ್ಲದಿದ್ದರೆ ಮರುದಿನವೇ ಯಾರೋ ಅವರಿಗೆ ಫೋನ್ ಮಾಡಿ "ಆ ಫೈಲ್ ಎಲ್ಲಿದೆ?" ಅಂತ ಕೇಳುತ್ತಾರೆ, ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ.

"ಯಾವಾಗ ವಾಪಸ್ ಬರುತ್ತೀರಿ?" ಅಂತ ಈ ಇಮೇಲ್‌ನಲ್ಲಿ ಕೇಳಬೇಡಿ. ಸಾವಿನ ಕಾರಣವನ್ನೂ ಕೇಳಬೇಡಿ. "ಅವರಿಗೆ ವಯಸ್ಸಾಗಿತ್ತಲ್ವಾ" ಅನ್ನುವ ಸಮಾಧಾನ ನೋವನ್ನು ಜಾಸ್ತಿ ಮಾಡುತ್ತದೆ. ತಾಯಿಯವರನ್ನು ನೀವು ಭೇಟಿಯಾಗಿದ್ದರೆ ಆ ನೆನಪಿನ ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ಗುಣಗಾನ ಬೇಡ.

ಅವರೊಬ್ಬರಿಗೇ ಕಳಿಸಿ, ಯಾರನ್ನೂ ಸಿಸಿಯಲ್ಲಿ ಹಾಕಬೇಡಿ. ಟೀಮಿಗೆ ಎಷ್ಟು ತಿಳಿಸಬಹುದು ಅನ್ನುವುದನ್ನು ಅವರನ್ನೇ ಕೇಳಿ, ಅಲ್ಲಿಯವರೆಗೆ "ರಜೆಯಲ್ಲಿದ್ದಾರೆ" ಅಂದರೆ ಸಾಕು.