ಆ 11:58 ಯಾರ ಗಡಿಯಾರದ್ದು?

"ಮೇಡಂ, 'ಮುನ್ನೂರ ಹನ್ನೆರಡು' ಅನ್ನೋ ನನ್ನ ಕತೆ ಕಳಿಸಿದ್ದೇನೆ. ಟೊರಾಂಟೊದಲ್ಲಿರುವ ಸೌಮ್ಯ, ಸಿಂಗಪುರದಲ್ಲಿರುವ ಅವಳ ಕಸಿನ್ ವಿನಯ್, ಇಬ್ಬರೂ ಫೋನಿನಲ್ಲಿ ದಿನಕ್ಕೊಂದು ಪದದ ಒಗಟು ಬಿಡಿಸುತ್ತಾ 312 ದಿನದ ಸ್ಟ್ರೀಕ್ ಉಳಿಸಿಕೊಂಡಿರುತ್ತಾರೆ. ಒಬ್ಬರು ಒಂದು ದಿನ ತಪ್ಪಿಸಿದರೂ ಇಬ್ಬರದ್ದೂ ಸೊನ್ನೆ. ಕತೆ ಎರಡು ಕಡೆಯಿಂದ ವಾಪಸ್ ಬಂದಿದೆ. ಕಾರಣ ಯಾರೂ ಹೇಳಲಿಲ್ಲ. ಎಲ್ಲಿ ತಪ್ಪಿದೆ ಅಂತ ನೇರವಾಗಿ ಹೇಳಿ, ಬೇಜಾರು ಮಾಡ್ಕೊಳ್ಳಲ್ಲ."

ಹಾಗೆ ಬರೆದವರೆಲ್ಲ ಬೇಜಾರು ಮಾಡ್ಕೊಂಡಿದ್ದಾರೆ. ಇರಲಿ, ನೇರವಾಗಿಯೇ ಹೇಳುತ್ತೇನೆ.

ನಿಮ್ಮ ವಾಕ್ಯಗಳಿಗೆ ಓಟ ಇದೆ. ಎರಡನೇ ಪುಟದಲ್ಲಿ ಸೌಮ್ಯ ಒಂದು ಮಾತೂ ಬರೆಯದೆ ಬರೀ ಬಣ್ಣದ ಚೌಕಗಳನ್ನು ಕಳಿಸುತ್ತಾಳಲ್ಲ, ಐದು ಸಾಲು ಬೂದು ಮತ್ತು ಹಳದಿ, ಆರನೇ ಸಾಲು ಪೂರ್ತಿ ಹಸಿರು, ಅಂದರೆ ಐದು ಸಲ ತಪ್ಪಿ ಆರನೇ ಸಲಕ್ಕೆ ಪದ ಸಿಕ್ಕಿದೆ. ಅದನ್ನು ನೋಡಿ ವಿನಯ್ "ರಾತ್ರಿ ನಿದ್ದೆ ಮಾಡಿಲ್ವಾ?" ಅಂತ ಕೇಳುತ್ತಾನೆ. ಆ ಒಂದು ಜಾಗ ನನ್ನನ್ನು ಹಿಡಿದು ಕೂರಿಸಿತು. ಯಾವ ಪದ ಅಂತ ಬಿಟ್ಟುಕೊಡದೆ ಎಷ್ಟು ಒದ್ದಾಡಿದೆ ಅಂತ ಮಾತ್ರ ಹೇಳುವುದು ಆ ಚೌಕಗಳ ಗುಣ. ಅದನ್ನು ನೀವು ಸರಿಯಾಗಿ ಬಳಸಿದ್ದೀರಿ.

ಆ ಖುಷಿಯಲ್ಲೇ ಏಳನೇ ಪುಟಕ್ಕೆ ಬಂದೆ. ಅಲ್ಲಿ ಸಿಟ್ಟು ಬಂತು.

"ಕಿಟಕಿಯಾಚೆ ಹಿಮ ಸುರಿಯುತ್ತಿತ್ತು. ಜನವರಿಯ ಆ ರಾತ್ರಿ ಇಬ್ಬರ ಗಡಿಯಾರದಲ್ಲೂ 11:58. ಇನ್ನೆರಡು ನಿಮಿಷದಲ್ಲಿ ದಿನ ಮುಗಿಯುತ್ತದೆ. ಸೌಮ್ಯ ಇನ್ನೂ ಆಡಿರಲಿಲ್ಲ."

ಒಂದೊಂದೇ ವಾಕ್ಯ ನೋಡೋಣ.

"ಕಿಟಕಿಯಾಚೆ ಹಿಮ ಸುರಿಯುತ್ತಿತ್ತು." ಇದು ಟೊರಾಂಟೊದ ಕಿಟಕಿ. ಸರಿ.

"ಜನವರಿಯ ಆ ರಾತ್ರಿ ಇಬ್ಬರ ಗಡಿಯಾರದಲ್ಲೂ 11:58." ಇದು ಆಗದ ಮಾತು. ಜನವರಿಯಲ್ಲಿ ಸಿಂಗಪುರ ಟೊರಾಂಟೊಗಿಂತ 13 ಗಂಟೆ ಮುಂದಿರುತ್ತದೆ. ವಿನಯ್‌ಗೆ ರಾತ್ರಿ 11:58 ಆದಾಗ ಸೌಮ್ಯಗೆ ಬೆಳಿಗ್ಗೆ 10:58. ಸೌಮ್ಯಗೆ ರಾತ್ರಿ 11:58 ಆದಾಗ ವಿನಯ್‌ಗೆ ಮರುದಿನ ಮಧ್ಯಾಹ್ನ 12:58. ಎರಡು ದೇಶದ ಕತೆ ಬರೆದು, ಕೊನೆಗೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ ಹಾಗಾಯಿತು. ಕತೆಗೆ ಅಷ್ಟು ದೂರ ಯಾಕೆ ಬೇಕಿತ್ತು ಹಾಗಾದರೆ?

"ಇನ್ನೆರಡು ನಿಮಿಷದಲ್ಲಿ ದಿನ ಮುಗಿಯುತ್ತದೆ." ಯಾರ ದಿನ? ಈ ಪ್ರಶ್ನೆಯನ್ನು ನೀವು ಬರೆಯೋಕೆ ಕೂರುವ ಮೊದಲೇ ಕೇಳಿಕೊಳ್ಳಬೇಕಿತ್ತು. ಯಾಕಂದ್ರೆ ಇಂಥ ಆಟಗಳು ದಿನವನ್ನು ಮುಖ್ಯವಾಗಿ ಎರಡು ರೀತಿಯಲ್ಲಿ ಎಣಿಸುತ್ತವೆ, ಮತ್ತು ಒಂದೊಂದು ರೀತಿಗೂ ಒಂದೊಂದು ಬೇರೆ ಕತೆ ಹುಟ್ಟುತ್ತದೆ.

ಮೊದಲನೆಯದು, ಆಡುವವರ ಫೋನಿನ ಗಡಿಯಾರದ ಪ್ರಕಾರ. ವರ್ಡ್‌ಲ್ ಅನ್ನೋ ಪದದ ಒಗಟಿನ ಆಟ ಹೀಗೆಯೇ. ನೀವಿರುವ ಜಾಗದಲ್ಲಿ ನಡುರಾತ್ರಿ ದಾಟಿದರೆ ನಿಮಗೆ ಹೊಸ ಒಗಟು. ಹಾಗಿದ್ದರೆ ವಿನಯ್‌ಗೆ ಪ್ರತಿ ಒಗಟೂ 13 ಗಂಟೆ ಮೊದಲೇ ಸಿಗುತ್ತದೆ. ಇಬ್ಬರ ಕೈಯಲ್ಲೂ ಒಂದೇ ಒಗಟು ಇರುವುದು ದಿನಕ್ಕೆ 11 ಗಂಟೆ ಮಾತ್ರ. ಸೌಮ್ಯಗೆ ಅದು ನಡುರಾತ್ರಿಯಿಂದ ಬೆಳಿಗ್ಗೆ 11ರ ತನಕ, ವಿನಯ್‌ಗೆ ಮಧ್ಯಾಹ್ನ 1ರಿಂದ ನಡುರಾತ್ರಿ ತನಕ. ಅದರಲ್ಲೂ ಅರ್ಧ ಹೊತ್ತು ಅವಳು ಮಲಗಿರುತ್ತಾಳೆ. ಈಗ ನಿಮ್ಮ ಮೂರನೇ ಪುಟ ತೆಗೆಯಿರಿ. "ಬೆಳಿಗ್ಗೆ ಏಳಕ್ಕೆ ಎದ್ದ ಕೂಡಲೇ ವಿನಯ್ ಆಡಿ ಮುಗಿಸಿ, ಅವಳಿಗೊಂದು ಸುಳಿವು ಕಳಿಸುತ್ತಿದ್ದ." ಆ ಹೊತ್ತಿಗೆ ಟೊರಾಂಟೊದಲ್ಲಿ ಹಿಂದಿನ ದಿನದ ಸಂಜೆ ಆರು. ಅವನು ಸುಳಿವು ಕೊಡುತ್ತಿರುವ ಒಗಟು ಅವಳ ಫೋನಿಗೆ ಇನ್ನೂ ಬಂದೇ ಇಲ್ಲ! ಹಿಂದಿನ ದಿನದ್ದಕ್ಕೆ ಈ ಸುಳಿವು ಹಾಕಿಕೊಂಡು ಅವಳು ಏನು ಮಾಡಬೇಕು?

ಎರಡನೆಯದು, ಯಾರ ಊರಿನದ್ದೂ ಅಲ್ಲದ ಗಡಿಯಾರ. ಆಟದ ಸರ್ವರ್ ಇಡೀ ಜಗತ್ತಿಗೆ ಒಂದೇ ಕ್ಷಣದಲ್ಲಿ ದಿನ ಬದಲಿಸುತ್ತದೆ. ಸಾಮಾನ್ಯವಾಗಿ ಇದಕ್ಕೆ ಯುಟಿಸಿ, ಅಂದರೆ ಇಡೀ ಜಗತ್ತು ಅಳತೆಗೆ ಇಟ್ಟುಕೊಂಡಿರುವ ಸಮಯದ, ನಡುರಾತ್ರಿಯನ್ನು ಇಟ್ಟುಕೊಳ್ಳುತ್ತಾರೆ. ಅದು ಸಿಂಗಪುರದಲ್ಲಿ ಬೆಳಿಗ್ಗೆ 8, ಜನವರಿಯ ಟೊರಾಂಟೊದಲ್ಲಿ ಸಂಜೆ 7. ನಿಮ್ಮ ಮೂರನೇ ಪುಟ ಸರಿಹೋಗುವುದು ಹೀಗಿದ್ದರೆ ಮಾತ್ರ. ವಿನಯ್ ಕೊನೆಯ ಒಂದು ಗಂಟೆಯಲ್ಲಿ ಆಡುತ್ತಾನೆ, ಸೌಮ್ಯಗೂ ಅದೇ ಕೊನೆಯ ಒಂದು ಗಂಟೆ. ಆದರೆ ಆಗ ಗಡುವು ಇಬ್ಬರಿಗೂ ನಡುರಾತ್ರಿಯಲ್ಲ. ನಿಮ್ಮ 11:58 ಎಲ್ಲಿಯೂ ನಿಲ್ಲುವುದಿಲ್ಲ.

"ಸೌಮ್ಯ ಇನ್ನೂ ಆಡಿರಲಿಲ್ಲ." ಯಾಕೆ ಆಡಿರಲಿಲ್ಲ? ನಿಮ್ಮ ಕತೆ ಹೇಳುವ ಕಾರಣ, ಮಗುವಿಗೆ ಜ್ವರ. ಕತೆಗಳಲ್ಲಿ ಯಾರಾದರೂ ಏನಾದರೂ ಮರೆಯಬೇಕಾದಾಗ ಮಗುವಿಗೆ ಜ್ವರ ಬರುತ್ತದೆ. ನನ್ನ ಮೇಜಿನ ಮೇಲೆ ಈ ತಿಂಗಳಲ್ಲೇ ಮೂರು ಮಕ್ಕಳಿಗೆ ಬಂದಿದೆ.

ನಾನು ಇದಕ್ಕೆಲ್ಲ ಇಷ್ಟು ಸಿಡುಕುವುದು ಯಾಕೆ ಅಂತ ನಿಮಗೆ ಅನ್ನಿಸಬಹುದು. ನನಗೂ ಹೀಗೇ ಒಮ್ಮೆ ಆಗಿತ್ತು. ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತು. ಧೈರ್ಯ ಮಾಡಿ ನನ್ನದೇ ಒಂದು ಕತೆಯನ್ನು ಹಿರಿಯ ಉಪಸಂಪಾದಕರ ಮೇಜಿನ ಮೇಲಿಟ್ಟೆ. ಕೊನೆಯ ಪ್ಯಾರಾದಲ್ಲಿ "ನಡುರಾತ್ರಿ, ಬೆಟ್ಟದ ಹಿಂದಿನಿಂದ ಹುಣ್ಣಿಮೆಯ ಚಂದ್ರ ಮೆಲ್ಲನೆ ಮೇಲೆದ್ದ" ಅಂತ ಬರೆದಿದ್ದೆ. ನನಗದು ಬಹಳ ಇಷ್ಟದ ವಾಕ್ಯ. ಅವರು ಕೆಂಪು ಪೆನ್ಸಿಲ್‌ನಲ್ಲಿ ಚಂದ್ರನ ಸುತ್ತ ಒಂದು ಸುತ್ತು ಹಾಕಿ, ಪಕ್ಕದಲ್ಲಿ ಬರೆದಿದ್ದರು: "ಸಂಜೆ ಆರರಿಂದ ಇವನು ಎಲ್ಲಿದ್ದ?"

"ಭಾವ ಮುಖ್ಯ ಅಲ್ವಾ ಸರ್?" ಅಂದೆ. ಅವರು ಮಾತಾಡಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ಕಡೆ ಕೈ ತೋರಿಸಿದರು. ಹುಣ್ಣಿಮೆಗೆ ಇನ್ನೂ ಒಂಬತ್ತು ದಿನ ಇತ್ತು. ಹಟಕ್ಕೆ ಬಿದ್ದು ಕಾದೆ. ಆ ದಿನ ಸಂಜೆ ಮಹಡಿ ಹತ್ತಿದರೆ, ಪಡುವಣದಲ್ಲಿ ಸೂರ್ಯ ಇಳಿಯುತ್ತಿದ್ದ, ಮೂಡಣದಲ್ಲಿ ಚಂದ್ರ ಆಗಲೇ ಬಂದು ನಿಂತಿದ್ದ. ನನ್ನ ಕತೆಯ ಹುಡುಗಿ ನಡುರಾತ್ರಿವರೆಗೆ ಕತ್ತಲಲ್ಲಿ ಕಾಯುವ ಕಾರಣವೇ ಇರಲಿಲ್ಲ. ಇಬ್ಬರೂ ಆ ಬೆಳಕಿನಲ್ಲಿ, ಎಲ್ಲರ ಕಣ್ಣೆದುರಿಗೇ ಭೇಟಿಯಾಗಬೇಕಿತ್ತು. ಹಾಗೆ ಬರೆದಾಗಲೇ ಆ ಕತೆ ಪ್ರಕಟವಾಗಿದ್ದು. ಅದು ಒಳ್ಳೆಯ ಕತೆಯೇನಲ್ಲ, ಈಗ ಓದಲು ನಾಚಿಕೆಯಾಗುತ್ತದೆ. ಚಂದ್ರ ಮಾತ್ರ ಸರಿಯಾಗಿದ್ದಾನೆ.

ನಿಮ್ಮ ಕತೆಗೂ ಅಂಥದ್ದೊಂದು ಚಂದ್ರ ಇದೆ. ನೀವು ಅದನ್ನು ನೋಡಿಲ್ಲ, ಅಷ್ಟೇ. ಗೊತ್ತಿಲ್ಲದೆಯೇ ಬಹಳ ಒಳ್ಳೆಯ ಎರಡು ಊರುಗಳನ್ನು ಆರಿಸಿಕೊಂಡಿದ್ದೀರಿ. ಸಿಂಗಪುರ ವರ್ಷವಿಡೀ ಗಡಿಯಾರ ಮುಟ್ಟುವುದಿಲ್ಲ. ಟೊರಾಂಟೊದ ಗಡಿಯಾರ ಬೇಸಿಗೆಯ ಸಂಜೆ ಬೆಳಕಿಗಾಗಿ ಮಾರ್ಚ್‌ನ ಎರಡನೇ ಭಾನುವಾರ ಒಂದು ಗಂಟೆ ಮುಂದೆ ಹೋಗಿ, ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಹಿಂದೆ ಬರುತ್ತದೆ. ನಡುವಿನ ಆ ತಿಂಗಳುಗಳಲ್ಲಿ ಎರಡೂ ಊರಿಗೆ ಇರುವ ಅಂತರ ಸರಿಯಾಗಿ 12 ಗಂಟೆ. ಅಂದರೆ ಅವನ ಗೋಡೆ ಗಡಿಯಾರದ ಮುಳ್ಳುಗಳೂ ಅವಳ ಗೋಡೆ ಗಡಿಯಾರದ ಮುಳ್ಳುಗಳೂ ಒಂದೇ ಕಡೆ ಇರುತ್ತವೆ. ಅವನಿಗೆ ಹಗಲು, ಅವಳಿಗೆ ರಾತ್ರಿ, ಮುಳ್ಳು ಮಾತ್ರ ಒಂದೇ. ನೀವು ಬರೆಯಬೇಕೆಂದುಕೊಂಡ "ಇಬ್ಬರ ಗಡಿಯಾರದಲ್ಲೂ" ಅನ್ನುವ ಮಾತು ಅಲ್ಲಿ ನಿಜವಾಗುತ್ತದೆ!

ಈಗ ಸರ್ವರ್ ಗಡಿಯಾರವನ್ನು ಇದರ ಜೊತೆ ಇಡಿ. ಬೇಸಿಗೆಯುದ್ದಕ್ಕೂ ಗಡುವು ಇಬ್ಬರಿಗೂ ಎಂಟು ಗಂಟೆ. ಅವನಿಗೆ ಬೆಳಿಗ್ಗೆ ಎಂಟು, ಅವಳಿಗೆ ರಾತ್ರಿ ಎಂಟು. ಸೌಮ್ಯ ಮಗುವನ್ನು ಮಲಗಿಸಿ, ಏಳೂವರೆಗೆ ಫೋನ್ ಹಿಡಿಯುವ ರೂಢಿ ಮಾಡಿಕೊಂಡಿರುತ್ತಾಳೆ. ಅರ್ಧ ಗಂಟೆ ಸಾಕಾಗುತ್ತದೆ. ನವೆಂಬರ್‌ನ ಆ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಅವಳ ಫೋನಿನ ಗಡಿಯಾರ ತಾನಾಗಿಯೇ ಒಂದಕ್ಕೆ ಹೋಗುತ್ತದೆ. ಅವಳಿಗೆ ಒಂದು ಗಂಟೆ ನಿದ್ದೆ ಜಾಸ್ತಿ ಸಿಗುತ್ತದೆ, ಖುಷಿ. ಆಟದ ಗಡಿಯಾರ ಕದಲಿಲ್ಲ. ಅವಳ ಗಡಿಯಾರದಲ್ಲಿ ಗಡುವು ಈಗ ಎಂಟಲ್ಲ, ಏಳು. ಅದು ಅವಳಿಗೆ ಗೊತ್ತಿಲ್ಲ. ಸಂಜೆ ಮಗುವನ್ನು ಮಲಗಿಸಿ, ಹತ್ತು ನಿಮಿಷ ಬೇಗನೇ, 7:20ಕ್ಕೆ ಆಟ ತೆರೆಯುತ್ತಾಳೆ. ಮುಂದಿನ ಒಗಟಿಗೆ ಉಳಿದ ಸಮಯ ಅಂತ ಮೂಲೆಯಲ್ಲಿ ಇರುತ್ತದಲ್ಲ, ಅಲ್ಲಿ 40 ನಿಮಿಷ ಇರಬೇಕಿತ್ತು. 23:40 ಅಂತ ಇದೆ.

ಜ್ವರ ಬೇಡ, ಹಿಮ ಬೇಡ. ಮಗು ಆರಾಮಾಗಿ ಮಲಗಿದೆ. ಅವಳು ಮರೆತಿಲ್ಲ, ತಡ ಮಾಡಿಲ್ಲ, ಹತ್ತು ನಿಮಿಷ ಬೇಗ ಬಂದಿದ್ದಾಳೆ. ವಿನಯ್‌ಗೆ ಇದು ಮೊದಲು ನಂಬಿಕೆಯೇ ಆಗುವುದಿಲ್ಲ, ಯಾಕಂದ್ರೆ ಅವನ ಕಡೆ ಏನೂ ಬದಲಾಗಿಲ್ಲ. ಅವನಿಗೆ ಎಂದಿನ ಹಾಗೇ ಬೆಳಿಗ್ಗೆ ಎಂಟಕ್ಕೆ ಗಡುವು ಮುಗಿದಿದೆ. "ನಿಂಗೆ ದಿನಾ ಟೈಮ್ ಇರ್ತಿತ್ತಲ್ಲ?" ಅಂತ ಅವನು ಕೇಳಿದರೆ ಅವಳು ಏನು ಹೇಳುತ್ತಾಳೆ? ಅದನ್ನು ಬರೆಯಿರಿ.

ನನಗೆ ಚುಚ್ಚಿದ ಇನ್ನೊಂದು ಮುಳ್ಳು, "ಕಸಿನ್". ಹದಿನೇಳು ಸಲ ಬಂದಿದೆ, ಎಣಿಸಿದ್ದೇನೆ. ಮಾತಾಡುವಾಗ ಎಲ್ಲರೂ ಅನ್ನುತ್ತೇವೆ, ನಾನೂ ಅನ್ನುತ್ತೇನೆ. ಪದದ ಮೇಲೆ ನನಗೆ ಕೋಪವಿಲ್ಲ. ಆದರೆ ಅದರ ಹಿಂದೆ ನೀವು ಅಡಗಿ ಕೂತಿದ್ದೀರಿ. ನಾಲ್ಕನೇ ಪುಟದಲ್ಲಿ ವಿನಯ್ "ಅಕ್ಕಾ, ಇವತ್ತಿಂದು ಕಷ್ಟ ಇದೆ" ಅನ್ನುತ್ತಾನೆ. ಆರನೇ ಪುಟದಲ್ಲಿ "ಏ ಸೌಮ್ಯ, ಎಲ್ಲಿ ಸತ್ತೆ?" ಅನ್ನುತ್ತಾನೆ. ಇವಳು ದೊಡ್ಡಮ್ಮನ ಮಗಳಾ, ಅತ್ತೆ ಮಗಳಾ? ದೊಡ್ಡಮ್ಮನ ಮಗಳಾದರೆ ಅಕ್ಕ, ಸ್ಟ್ರೀಕ್ ಮುರಿದ ದಿನ ಅವನು ಬೈಯುವುದನ್ನು ನುಂಗಿಕೊಳ್ಳುತ್ತಾನೆ. ಅತ್ತೆ ಮಗಳಾದರೆ ರೇಗಿಸುವ ಧಾಟಿಯೇ ಬೇರೆ, ಮುನಿಸೂ ಬೇರೆ. ನಮ್ಮ ಭಾಷೆ ಈ ಎರಡನ್ನೂ ಬಿಡಿಸಿ ಇಟ್ಟಿರುವಾಗ ನೀವು ಮತ್ತೆ ಗಂಟು ಹಾಕಿದ್ದೀರಿ. ಮೊದಲ ಪುಟದಲ್ಲಿ ಒಂದು ಸಲ ಹೇಳಿಬಿಡಿ. ಆಮೇಲೆ ಹದಿನೇಳೂ ಕಡೆ ಬರೀ "ವಿನಯ್" ಸಾಕು. ನನ್ನ ಓಟು ಅಕ್ಕನಿಗೆ. ನುಂಗಿಕೊಂಡ ಬೈಗುಳ ಕತೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಕೊನೆಯ ಪುಟದ ಬಗ್ಗೆ ಏನೂ ಹೇಳುವುದಿಲ್ಲ. ಏಳನೆಯದು ಸರಿಯಾದರೆ ಅದು ತಾನಾಗಿ ಬಿದ್ದುಹೋಗುತ್ತದೆ.

ಶೀರ್ಷಿಕೆ ಮಾತ್ರ ಬದಲಾಗಬೇಕು. ನವೆಂಬರ್‌ನ ಆ ಭಾನುವಾರಕ್ಕೆ 312 ದಿನ ಆಗಿರಬೇಕಾದರೆ ಅವರು ಡಿಸೆಂಬರ್ ಕೊನೆಯ ಹೊತ್ತಿಗೆ ಆಟ ಶುರುಮಾಡಿರಬೇಕು. ಆಗ ನಡುವೆ ಮಾರ್ಚ್‌ನ ಬದಲಾವಣೆಯನ್ನೂ ಅವರು ಒಮ್ಮೆ ದಾಟಿರುತ್ತಾರೆ, ಗಡುವು ಕದಲುತ್ತದೆ ಅಂತ ಸೌಮ್ಯಗೆ ಗೊತ್ತಾಗಿಬಿಟ್ಟಿರುತ್ತದೆ. ಅದು ನಮಗೆ ಬೇಡ. ನಿಮ್ಮ ಕತೆಯಲ್ಲಿ ಅವರು ಶುರುಮಾಡುವುದು ಹೇಗೂ ಮಾರ್ಚ್‌ನಲ್ಲೇ. ಟೊರಾಂಟೊ ಗಡಿಯಾರ ಮುಂದೆ ಹೋದ ಮರುದಿನ, ಸೋಮವಾರ, ಮೊದಲ ಒಗಟು ಬಿಡಿಸಲಿ. ಅಲ್ಲಿಂದ ನವೆಂಬರ್‌ನ ಮೊದಲ ಭಾನುವಾರದ ಹಿಂದಿನ ಶನಿವಾರದ ತನಕ, ಯಾವ ವರ್ಷ ತೆಗೆದುಕೊಂಡರೂ, 237 ದಿನ. ನಾನು ಎರಡು ಸಲ ಎಣಿಸಿದೆ. ನೀವೂ ಒಂದು ಸಲ ಎಣಿಸಿ, ಆಮೇಲೆ ಕಳಿಸಿ.