ಬಕೆಟ್ಟಿನಲ್ಲಿ ಮುಳುಗುವ ಆಟೋ

ಪತ್ರ: ನನ್ನ ಮಗನಿಗೆ ಆರು ವರ್ಷ. ಐದು ವಾರಗಳ ಹಿಂದೆ ಅವನ ತಾತ ಓಡಿಸುತ್ತಿದ್ದ ಆಟೋ ನಾಲೆಗೆ ಉರುಳಿತು. ಊರಿನವರು ಇಬ್ಬರನ್ನೂ ಮೇಲೆತ್ತಿದರು. ತಾತನ ಕೈ ಮುರಿದಿದೆ, ಮಗನಿಗೆ ತರಚು ಗಾಯಗಳಷ್ಟೇ. ಅಂದಿನಿಂದ ಅವನು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಒಂದು ಮಾತೂ ಆಡಿಲ್ಲ. ಬಚ್ಚಲಲ್ಲಿ ಕೂತು ಆಟಿಕೆಯ ಆಟೋವನ್ನು ಬಕೆಟ್ಟಿನ ನೀರಿಗೆ ಬೀಳಿಸುತ್ತಲೇ ಇರುತ್ತಾನೆ. ಅತ್ತೆಯವರು ಅಪಶಕುನವೆಂದು ಅದನ್ನು ಕಿತ್ತಿಟ್ಟರೆ ಅಳುತ್ತಾನೆ. ಆಟದಿಂದಲೇ ಚಿಕಿತ್ಸೆ ಮಾಡುತ್ತಾರೆಂದು ಕೇಳಿದ್ದೇನೆ. ಮನೆಯಲ್ಲಿ ನಾನು ಏನು ಮಾಡಬಹುದು? — ಒಬ್ಬ ತಾಯಿ, ಮಂಡ್ಯ ಜಿಲ್ಲೆ

ಉತ್ತರ: ಮೊದಲು ಆ ಆಟೋವನ್ನು ಅವನಿಗೆ ಹಿಂದಿರುಗಿಸಿ. ಬಾಯಿಂದ ಹೇಳಲಾಗದ್ದನ್ನು ಅವನು ಕೈಯಿಂದ ಹೇಳುತ್ತಿದ್ದಾನೆ. ಅದನ್ನು ಕಿತ್ತಿಟ್ಟರೆ ಅವನಿಗೆ ಉಳಿದಿರುವ ಒಂದು ದಾರಿಯೂ ಮುಚ್ಚಿದಂತಾಗುತ್ತದೆ. ಅತ್ತೆಯವರ ಭಯ ನನಗೆ ಅರ್ಥವಾಗುತ್ತದೆ. ಆಗಿಹೋದದ್ದನ್ನು ಮಗು ಮತ್ತೆ ಕರೆಯುತ್ತಿದೆಯೆಂದು ಅವರಿಗೆ ತೋರುತ್ತಿರಬೇಕು. ಅದು ಕರೆಯುವುದಲ್ಲ, ತನ್ನ ಕೈಯಳತೆಗೆ ತಂದುಕೊಳ್ಳುವುದು ಎಂದು ಅವರಿಗೆ ಸಮಾಧಾನವಾಗಿ ಹೇಳಿ.

ಆಟದ ವಿಚಾರಕ್ಕೆ ಹೋಗುವ ಮುನ್ನ ವೈದ್ಯಕೀಯ ತಪಾಸಣೆಯೊಂದು ಮುಗಿದಿರಬೇಕು. ನೀರಿಗೆ ಬೀಳುವಾಗ ತಲೆಗೆ ಪೆಟ್ಟಾಗಿತ್ತೇ, ಕಿವಿ ಸರಿಯಾಗಿ ಕೇಳುತ್ತಿದೆಯೇ, ಗಂಟಲಿಗೆ ಏನಾದರೂ ಆಗಿದೆಯೇ ಎಂಬುದನ್ನು ಮಕ್ಕಳ ವೈದ್ಯರೂ ಕಿವಿ-ಮೂಗು-ಗಂಟಲು ತಜ್ಞರೂ ನೋಡಲಿ. ಕೆಮ್ಮುವಾಗ, ಅಳುವಾಗ ಅಥವಾ ನಿದ್ದೆಯಲ್ಲಿ ದನಿ ಹೊರಡುತ್ತದೆಯೇ ಎಂದು ಗಮನಿಸಿ ಅವರಿಗೆ ತಿಳಿಸಿ. ಮನೆಯಲ್ಲಿ ಹರಟುತ್ತಾ ಶಾಲೆಯಲ್ಲಿ ಮಾತ್ರ ಸುಮ್ಮನಿರುವ ಮಕ್ಕಳಿದ್ದಾರೆ. ಅವರ ತೊಡಕು ಬೇರೆ, ಅದಕ್ಕೆ ಬೇರೆಯೇ ಕ್ರಮವಿದೆ. ಆಘಾತದ ನಂತರ ಎಲ್ಲೆಡೆಯೂ ಒಮ್ಮೆಲೇ ಮಾತು ನಿಂತಿರುವ ನಿಮ್ಮ ಮಗನನ್ನು ಅವರೊಡನೆ ಸೇರಿಸಬಾರದು. ಐದು ವಾರಗಳಾಗಿರುವುದರಿಂದ ‘ತಾನಾಗಿ ಸರಿಹೋಗುತ್ತದೆ’ ಎಂದು ಇನ್ನೂ ಕಾಯುವುದು ಬೇಡ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಿ ಹತ್ತಿರದ ತಜ್ಞರನ್ನು ತಿಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ.

ಇನ್ನು ಆ ಬಕೆಟ್ಟಿನ ಆಟ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲಾ ಎಂಬ ಊರಿನಲ್ಲಿ ಶಾಲಾ ಬಸ್ಸಿನಲ್ಲಿದ್ದ 26 ಮಕ್ಕಳನ್ನು ಅಪಹರಿಸಿ ನೆಲದಡಿಯಲ್ಲಿ ಹೂತಿದ್ದ ವಾಹನದೊಳಗೆ ಕೂಡಿಹಾಕಿದ್ದರು. ಅವರೆಲ್ಲ ಬದುಕಿ ಹೊರಬಂದರು. ಆನಂತರ ಆ ಮಕ್ಕಳನ್ನು ಅಧ್ಯಯನ ಮಾಡಿದ ಮನೋವೈದ್ಯೆ ಲೆನೋರ್ ಟೆರ್, ಅವರ ಆಟ ಸಾಮಾನ್ಯ ಆಟದಂತಿಲ್ಲವೆಂಬುದನ್ನು ಗುರುತಿಸಿದರು: ಅದೇ ಘಟನೆ, ಅದೇ ಕ್ರಮ, ಮತ್ತೆ ಮತ್ತೆ, ನಗುವಿಲ್ಲದೆ. ನಿಮ್ಮ ಮಗನ ಆಟ ಈ ಬಗೆಯದಾಗಿರಬಹುದು. ಇಂಥ ಆಟದಲ್ಲಿ ನೋಡಬೇಕಾದದ್ದು ಒಂದೇ: ಅದು ಚಲಿಸುತ್ತಿದೆಯೇ, ನಿಂತಲ್ಲೇ ಸುತ್ತುತ್ತಿದೆಯೇ?

ಚಲಿಸುವ ಆಟದಲ್ಲಿ ಪುಟ್ಟ ಬದಲಾವಣೆಗಳು ಕಾಣುತ್ತವೆ. ಮೊದಲ ದಿನಗಳಲ್ಲಿ ಆಟೋ ಬಿದ್ದು ತಳದಲ್ಲೇ ಉಳಿಯುತ್ತದೆ. ಕೆಲವು ದಿನಗಳಾದ ಮೇಲೆ ಅವನೇ ಅದನ್ನು ಎತ್ತಿ ಒರೆಸಬಹುದು. ಆಮೇಲೆ ಯಾವುದೋ ಗೊಂಬೆ ದಡದಲ್ಲಿ ಬಂದು ನಿಲ್ಲಬಹುದು, ಹಗ್ಗ ಬರಬಹುದು, ಆಸ್ಪತ್ರೆ ಬರಬಹುದು. ಆಟ ಮುಗಿದಾಗ ಅವನ ಭುಜ ಸಡಿಲವಾಗಿ ಉಸಿರು ನೆಮ್ಮದಿಯಾಗಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ಹಾಗಲ್ಲದೆ ವಾರಗಟ್ಟಲೆ ಕೂದಲೆಳೆಯಷ್ಟೂ ಬದಲಾಗದೆ, ಮುಖ ಕಲ್ಲಿನಂತಿದ್ದು, ಆಡಿದ ರಾತ್ರಿ ಬೆಚ್ಚಿಬಿದ್ದು ಏಳುವುದು, ಹಾಸಿಗೆ ಒದ್ದೆಯಾಗುವುದು ಹೆಚ್ಚಾದರೆ ಆಟ ಸಿಕ್ಕಿಕೊಂಡಿದೆ ಎಂದರ್ಥ. ಆಗ ಕಥೆಯೊಳಗೆ ಕೈಯಿಟ್ಟು, ಉದಾಹರಣೆಗೆ ದಡದ ಗೊಂಬೆಯಿಂದ ಹಗ್ಗ ಎಸೆಸಿ, ಅದನ್ನು ಮುಂದಕ್ಕೆ ಸರಿಸುವುದು ತರಬೇತಾದ ಚಿಕಿತ್ಸಕರ ಕೆಲಸ. ಅಂಥ ಹೊತ್ತಿನಲ್ಲಿ ನೀವು ಬೈಯದೆ ಪಕ್ಕದಲ್ಲಿ ಕೂತು, ಹಿಟ್ಟು ನಾದುವುದೋ ಸೋಪಿನ ಗುಳ್ಳೆ ಊದುವುದೋ, ಮೈಗೆ ಸಮಾಧಾನ ತರುವ ಬೇರೆ ಕೆಲಸಕ್ಕೆ ಮೆಲ್ಲಗೆ ಕರೆದರೆ ಸಾಕು.

ಮನೆಯಲ್ಲಿ ನೀವು ಮಾಡಬಹುದಾದದ್ದು ವಾರಕ್ಕೊಮ್ಮೆ ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ಅರ್ಧ ಗಂಟೆಯ ಆಟ. ತಂದೆತಾಯಿಗೇ ತರಬೇತಿ ಕೊಟ್ಟು ಹೀಗೆ ಆಡಿಸುವ ಪದ್ಧತಿ 1960ರ ದಶಕದಿಂದ ಇದೆ. ಚಿಕಿತ್ಸಕರು ಸಿಕ್ಕ ಮೇಲೆ ಅವರಿಂದಲೇ ಕಲಿತುಕೊಳ್ಳಿ. ಆ ಅರ್ಧ ಗಂಟೆ ಫೋನು ಬೇರೆ ಕೋಣೆಯಲ್ಲಿರಲಿ, ನೆಂಟರು ಇಣುಕದಿರಲಿ. ಒಂದು ಚಾಪೆಯ ಮೇಲೆ ಅವನ ಆಟೋ, ಒಂದು ಬಸ್ಸು, ಆಂಬುಲೆನ್ಸು, ಮನೆಮಂದಿಯಂತೆ ಕಾಣುವ ಕೆಲವು ಗೊಂಬೆಗಳು (ಚನ್ನಪಟ್ಟಣದ ಮರದ ಗೊಂಬೆಗಳು ನಿಮಗೆ ಸುಲಭವಾಗಿ ಸಿಕ್ಕಾವು), ಡಾಕ್ಟರ್ ಸೆಟ್ಟು, ಒಂದು ತುಂಡು ಹಗ್ಗ, ಜೇಡಿಮಣ್ಣು, ಬಣ್ಣ ಮತ್ತು ಹಾಳೆ ಇಡಿ. ಅಗಲವಾದ ತಟ್ಟೆಯಲ್ಲಿ ಮರಳು, ಬೇಸಿನ್ನಿನಲ್ಲಿ ನೀರು ಇರಲಿ. ಮರಳಿನ ತಟ್ಟೆಯಲ್ಲಿ ಮಕ್ಕಳು ತಮ್ಮ ಲೋಕವನ್ನು ಕಟ್ಟಿ ತೋರಿಸುವ ಕ್ರಮವನ್ನು ಮಾರ್ಗರೆಟ್ ಲೋವೆನ್‌ಫೆಲ್ಡ್ ಎಂಬ ವೈದ್ಯೆ ಲಂಡನ್ನಿನಲ್ಲಿ 1920ರ ದಶಕದ ಕೊನೆಗೆ ರೂಪಿಸಿದರು. ಮಾತಿಲ್ಲದ ಮಗುವಿಗೆ ಇಂದಿಗೂ ಅದು ಹೊಂದುತ್ತದೆ.

ಏನು ಆಡಬೇಕೆಂಬುದನ್ನು ಅವನೇ ಆರಿಸಲಿ. ನಿಮ್ಮ ಕೆಲಸ ಕಂಡದ್ದನ್ನು ಮೆಲುದನಿಯಲ್ಲಿ ಹೇಳುವುದು: ‘ಆಟೋ ನೀರಿಗೆ ಬಿತ್ತು. ಗೊಂಬೆ ಇನ್ನೂ ಒಳಗೇ ಇದೆ. ಅದಕ್ಕೆ ಭಯವಾಗಿರಬೇಕು.’ ಇಷ್ಟೇ. ‘ಇದು ನೀನಾ? ಇದು ತಾತನಾ?’ ಎಂದು ಕೇಳಬೇಡಿ. ಗೊಂಬೆ ಗೊಂಬೆಯಾಗಿರುವವರೆಗೆ ಮಾತ್ರ ಅವನು ಧೈರ್ಯದಿಂದ ಆಡಬಲ್ಲ. ಪ್ರಶ್ನೆಗಳನ್ನೇ ಬಿಟ್ಟುಬಿಡುವುದು ಒಳ್ಳೆಯದು, ಏಕೆಂದರೆ ಪ್ರತಿಯೊಂದು ಪ್ರಶ್ನೆಯೂ ಅವನು ಕೊಡಲಾರದ ಉತ್ತರವನ್ನು ಕೇಳುತ್ತದೆ. ಇದು ಹೇಳಿದಷ್ಟು ಸುಲಭವಲ್ಲ. ಒಮ್ಮೆ ನೀವೇ ಎಣಿಸಿ ನೋಡಿ, ಐದು ನಿಮಿಷದಲ್ಲಿ ಮಗುವಿಗೆ ನಾವು ಎಷ್ಟು ಪ್ರಶ್ನೆ ಹಾಕುತ್ತೇವೆಂದು. ಅವನು ನಿಮ್ಮ ಮೇಲೆ ನೀರೆರಚಿದರೆ, ‘ನಿನಗೆ ಸಿಟ್ಟು ಬಂದಿದೆ. ಅಮ್ಮನ ಮೇಲೆ ನೀರು ಹಾಕುವಂತಿಲ್ಲ. ಗೋಡೆಗೆ ಹಾಕು’ ಎಂದು ಶಾಂತವಾಗಿ ಹೇಳಿ. ಮುಗಿಯಲು ಐದು ನಿಮಿಷವಿದ್ದಾಗ ಮುಂಚಿತವಾಗಿ ತಿಳಿಸಿ.

ಮನೆಯಲ್ಲಿ ಆ ದಿನದ ಬಗ್ಗೆ ಯಾರೂ ಮಾತನಾಡುತ್ತಿಲ್ಲವೆಂದು ನಿಮ್ಮ ಪತ್ರದಿಂದ ನಾನು ಊಹಿಸುತ್ತೇನೆ, ತಪ್ಪಿದ್ದರೆ ಕ್ಷಮಿಸಿ. ದೊಡ್ಡವರೇ ಬಾಯಿ ಕಟ್ಟಿಕೊಂಡಿದ್ದರೆ ಇದು ಆಡಬಾರದ ಮಾತೆಂದು ಮಗು ತಿಳಿಯುತ್ತದೆ, ತನ್ನಿಂದಲೇ ತಾತನ ಕೈ ಮುರಿಯಿತೆಂದೂ ಭಾವಿಸಬಹುದು. ಸಾಧ್ಯವಾದರೆ ತಾತನೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಲ ನಿಜವನ್ನು ಸರಳವಾಗಿ ಹೇಳಲಿ: ‘ಆಟೋ ನಾಲೆಗೆ ಬಿತ್ತು. ನಮ್ಮಿಬ್ಬರಿಗೂ ಹೆದರಿಕೆಯಾಯಿತು. ಊರಿನವರು ಬಂದು ಎತ್ತಿದರು. ನಿನ್ನದೇನೂ ತಪ್ಪಿಲ್ಲ ಮಗಾ. ನನ್ನ ಕೈ ಕೂಡುತ್ತಿದೆ.’ ಮಗ ಉತ್ತರಿಸಬೇಕೆಂದು ಕಾಯದೆ ಎದ್ದು ಹೋಗಲಿ.

ಮಾತನ್ನು ಮಾತ್ರ ಬಹುಮಾನಕ್ಕೆ ಒಡ್ಡಬೇಡಿ. ‘ಅಮ್ಮಾ ಅನ್ನು, ಚಾಕೊಲೇಟ್ ಕೊಡ್ತೀನಿ’ ಎನ್ನುವುದೂ, ನೆಂಟರೆದುರು ‘ಮಾಮನಿಗೆ ಹೆಸರು ಹೇಳು’ ಎಂದು ಮುಂದೆ ತಳ್ಳುವುದೂ ಅವನ ಗಂಟಲನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಶಾಲೆಯಲ್ಲಿ ಹಾಜರಿಗೆ ಕೈಯೆತ್ತಿದರೆ ಸಾಕೆಂದು ಟೀಚರಿಗೆ ತಿಳಿಸಿ. ಮಾತಿಗಿಂತ ಮೊದಲು ಸದ್ದು ಬರುವುದುಂಟು: ಪೀಪಿ ಊದುವುದು, ಹಸುವಿನ ಗೊಂಬೆಗೆ ‘ಅಂಬಾ’ ಎನ್ನಿಸುವುದು, ಆಟೋಗೆ ‘ಡುರ್ರ್’ ಎನ್ನುವುದು. ನೀವು ಒಂದು ಸಲ ಮಾಡಿ ಸುಮ್ಮನಾಗಿ. ಅವನೂ ಮಾಡಲೆಂದು ಮುಖ ನೋಡುತ್ತಾ ಕೂರಬೇಡಿ.

ಒಂದು ದಿನ ಅವನು ‘ನೀರು’ ಎಂದರೆ ಮನೆಮಂದಿಯನ್ನೆಲ್ಲ ಕೂಗಿ ಕರೆಯಬೇಡಿ, ಅತ್ತುಬಿಡಬೇಡಿ, ಇನ್ನೊಮ್ಮೆ ಹೇಳೆನ್ನಬೇಡಿ. ಲೋಟದಲ್ಲಿ ನೀರು ಕೊಟ್ಟು, ಎಂದಿನಂತೆ ಪಕ್ಕದಲ್ಲಿ ಕೂತುಕೊಳ್ಳಿ.