ದಿನಕ್ಕೆ ಹತ್ತು ಸಾವಿರವಾದರೆ ತಿಂಗಳಿಗೆ ಎಷ್ಟು?

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಗುಣಮಟ್ಟದ ವಿಷಯದಲ್ಲಿ ಸಲಹೆ ನೀಡುವವರೊಬ್ಬರು ನನ್ನ ಬಳಿ ಬಂದಿದ್ದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರ ದರ ದಿನಕ್ಕೆ 10,000 ರೂಪಾಯಿ. ಕಂಪನಿಯೊಂದು ಅವರನ್ನು ವರ್ಷಕ್ಕೆ 18 ಲಕ್ಷದ ಸಿಟಿಸಿಗೆ, ಅಂದರೆ ಕಂಪನಿ ಅವರಿಗಾಗಿ ಮಾಡುವ ಒಟ್ಟು ವೆಚ್ಚದ ಲೆಕ್ಕದಲ್ಲಿ, ಕೆಲಸಕ್ಕೆ ಕರೆದಿತ್ತು.

"ಮೇಡಂ, ತಿಂಗಳಿಗೆ 22 ದಿನ ಹಿಡಿದರೂ ನನ್ನ ದುಡಿಮೆ 2,20,000 ಆಗುತ್ತದೆ. ಒಂದೂವರೆ ಲಕ್ಷಕ್ಕೆ ಹೇಗೆ ಒಪ್ಪಲಿ? ಆದರೆ ಮನೆಯಲ್ಲಿ ಕೈ ಸದಾ ಬಿಗಿಯಾಗಿಯೇ ಇರುತ್ತದೆ" ಎಂದರು.

ಕಳೆದ ವರ್ಷದ ಬಿಲ್ಲುಗಳನ್ನೂ ಡೈರಿಯನ್ನೂ ತರಿಸಿದೆ. ವರ್ಷದ 365 ದಿನಗಳಲ್ಲಿ ಶನಿವಾರ, ಭಾನುವಾರಗಳ 104 ದಿನ ಹೋದರೆ ಉಳಿಯುವುದು 261. ಹಬ್ಬದ ರಜೆ 10, ಜ್ವರ, ಮದುವೆ, ಊರು ಎಂದು 16. ಉಳಿದದ್ದು 235. ಬಿಲ್ಲು ಆಗಿದ್ದು ಮಾತ್ರ 168 ದಿನಗಳಿಗೆ. ಅಲ್ಲಿಗೆ ವರ್ಷಕ್ಕೆ 16,80,000. ಓಡಾಟ, ಆರೋಗ್ಯ ವಿಮೆ, ಲ್ಯಾಪ್‌ಟಾಪ್, ಲೆಕ್ಕಪರಿಶೋಧಕರ ಶುಲ್ಕ ಎಂದು ಅವರೇ ಭರಿಸಿದ್ದ 1,80,000 ಕಳೆದರೆ 15 ಲಕ್ಷ; ತಿಂಗಳಿಗೆ 1,25,000.

ಇದನ್ನು ಹೋಲಿಸಬೇಕಾದದ್ದು ಸಿಟಿಸಿಯೊಂದಿಗೆ, ಕೈಗೆ ಬರುವ ಸಂಬಳದೊಂದಿಗೆ ಅಲ್ಲ. ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ ಸಾಮಾನ್ಯವಾಗಿ ಸಿಟಿಸಿಯೊಳಗೇ ಇರುತ್ತವೆ. ಸಲಹೆಗಾರರು ಅವನ್ನು ತಮ್ಮ ದುಡಿಮೆಯಿಂದಲೇ ಎತ್ತಿಡಬೇಕು. ಬಿಲ್ಲಿನಲ್ಲಿ ಮುರಿದುಕೊಂಡ ಟಿಡಿಎಸ್ ಅನ್ನು ಅವರು ನಷ್ಟವೆಂದು ಬರೆದಿದ್ದರು. ಅದು ಅವರ ಹೆಸರಿನಲ್ಲಿ ಮೊದಲೇ ಕಡಿತವಾದ ತೆರಿಗೆ, ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆ ಸಾಲನ್ನು ತೆಗೆಸಿದೆ.

ನನ್ನನ್ನು ಕಾಡಿದ್ದು ಬಿಲ್ಲಾಗದ 67 ದಿನಗಳು. ಅವನ್ನು ಅವರು ಖಾಲಿ ದಿನಗಳೆಂದೇ ಕರೆಯುತ್ತಿದ್ದರು. ಡೈರಿಯ ಪುಟ ತಿರುವಿದರೆ ಸುಮಾರು 30 ದಿನಗಳ ಎದುರು "ವರದಿ" ಎಂದಿತ್ತು. ಎರಡು ದಿನ ಕಾರ್ಖಾನೆಯಲ್ಲಿ ತಪಾಸಣೆ, ಮೂರನೆಯ ದಿನ ಮನೆಯಲ್ಲಿ ಕುಳಿತು ವರದಿ. ಹಣ ಮಾತ್ರ ಎರಡೇ ದಿನಕ್ಕೆ! ಇದು ಬಿಡುವಲ್ಲ, ಪುಕ್ಕಟೆ ದುಡಿಮೆ. ಉಳಿದ 37 ದಿನಗಳು ನಿಜವಾಗಿ ಖಾಲಿ. ಹೊಸ ಕೆಲಸ ಹುಡುಕಿ ಅಲೆದದ್ದು, ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಯಾರೂ ಕರೆಯದೆ ಕಾದದ್ದು ಅದರಲ್ಲಿ ಸೇರಿದ್ದವು. ಅದು ಈ ವೃತ್ತಿಯಲ್ಲಿ ಇದ್ದದ್ದೇ.

18 ಲಕ್ಷಕ್ಕೆ ಸರಿಗಟ್ಟಲು ಖರ್ಚೂ ಸೇರಿ 19,80,000 ಬೇಕು. ಹಳೆಯ ದರದಲ್ಲಿ ಅದು 198 ದಿನಗಳ ಬಿಲ್ಲು, ಅಂದರೆ 168ಕ್ಕೆ ಆ 30 ವರದಿ ದಿನಗಳನ್ನು ಸೇರಿಸಿದಷ್ಟು. ದಿನಗಳು 168ರಲ್ಲೇ ನಿಂತರೆ ದರವನ್ನು ಸುಮಾರು 11,800ಕ್ಕೆ ಏರಿಸಬೇಕು. ದರ ಏರಿಸಿದರೆ ಗಿರಾಕಿ ಚೌಕಾಸಿಗೆ ಇಳಿಯುತ್ತಾನೆ, ವರದಿಯ ದಿನವನ್ನು ಬಿಲ್ಲಿನಲ್ಲಿ ತೋರಿಸಿದರೆ ಅದು ಕಣ್ಣಿಗೆ ಕಾಣುವ ಕೆಲಸ. ಆದ್ದರಿಂದ ಎರಡನೆಯದನ್ನೇ ಸೂಚಿಸಿದೆ.

ಕಂಪನಿಗೆ ಉತ್ತರಿಸಲು ಎರಡು ವಾರವಿತ್ತು. ಅಷ್ಟರೊಳಗೆ ಹೆಚ್ಚು ಕೆಲಸ ಕೊಡುವ ಹಳೆಯ ಗಿರಾಕಿಗಳಿಗೆ ಮೂರು ದಿನಗಳ ದರಪಟ್ಟಿ ಕಳುಹಿಸಿ ನೋಡಿ, ಅರ್ಧಕ್ಕಿಂತ ಕಡಿಮೆ ಜನ ಒಪ್ಪಿದರೆ ಕೆಲಸಕ್ಕೆ ಸೇರಿಕೊಳ್ಳಿ ಎಂದೆ. ಒಪ್ಪಿದವರು ಕೆಲವರೇ. ಹಾಗಾಗಿ ಸಲಹೆಗಾರರು ಕೆಲಸಕ್ಕೆ ಸೇರಿದರು.